ಪದಚರ್ಚೆ: ಕೆಟಲ್‌ಗೆ ಯಾವ ಪದ, ಟಬ್‌ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿ ಮಕ್ಕಳಿಗಾಗಿ ಒಂದು ವಿಜ್ಞಾನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಕುದಿಯುತ್ತಿರುವ ಒಂದು ಕೆಟಲ್ ನೀರು, ಪಕ್ಕದಲ್ಲಿ ಹದವಾಗಿ ಬಿಸಿಯಿರುವ ಒಂದು ಬಾತ್‌ಟಬ್ ನೀರು. ನಾನು ಬರೆದದ್ದು ಹೀಗೆ: "ಕೆಟಲ್ ನೀರಿನ ಉಷ್ಣತೆ ಹೆಚ್ಚು, ಟಬ್ ನೀರಿನ ಉಷ್ಣ ಹೆಚ್ಚು." ಎರಡಕ್ಕೂ ನಡುವೆ ಒಂದು 'ತೆ' ಮಾತ್ರ. ಓದುವ ಮಗುವಿಗೆ ಇದು ಅಚ್ಚಿನ ತಪ್ಪಿನಂತೆ ಕಾಣುತ್ತದೆ. ತಾಪ, ತಾಪಮಾನ, ಉಷ್ಣಾಂಶ, ಶಾಖ, ಕಾವು ಇವುಗಳಲ್ಲಿ ಯಾವುದನ್ನು ಎಲ್ಲಿಗೆ ಹಾಕಲಿ?
— ಅನುವಾದಕಿ, ಬಸವನಗುಡಿ

ಮೇಡಂ, ಇದು ಸುಲಭ. ಅಣುಗಳ ಸರಾಸರಿ ಚಲನಶಕ್ತಿಯನ್ನು ತೋರಿಸುವುದು ತಾಪ, ಎಲ್ಲ ಅಣುಗಳ ಶಕ್ತಿಯನ್ನೂ ಕೂಡಿದರೆ ಉಷ್ಣ. ಟಬ್‌ನಲ್ಲಿ ಅಣುಗಳು ಹೆಚ್ಚು, ಆದ್ದರಿಂದ ಉಷ್ಣವೂ ಹೆಚ್ಚು. 'ಉಷ್ಣತೆ' ತೆಗೆದು 'ತಾಪ' ಹಾಕಿ, ಉಳಿದದ್ದು ಹಾಗೇ ಇರಲಿ.
— ಎಂಜಿನಿಯರ್, ವೈಟ್‌ಫೀಲ್ಡ್

ಉಷ್ಣ ಅಂದರೆ ನಮ್ಮ ಮನೆಯಲ್ಲಿ ಬೇರೆಯೇ ಅರ್ಥ. ಬೇಸಿಗೆಯಲ್ಲಿ ಮಾವಿನಹಣ್ಣು ಜಾಸ್ತಿ ತಿಂದರೆ ಉಷ್ಣ ಆಯಿತು ಅಂತ ಅತ್ತೆ ಮಜ್ಜಿಗೆ ಕುಡಿಸುತ್ತಾರೆ. ಆಗ ಜ್ವರ ನೋಡಿದರೆ ಥರ್ಮಾಮೀಟರ್‌ನಲ್ಲಿ ಏನೂ ಇರುವುದಿಲ್ಲ! ಮಕ್ಕಳಿಗೆ ಮಜ್ಜಿಗೆಯ ಉದಾಹರಣೆಯನ್ನೇ ಕೊಡಬಹುದಲ್ಲವೇ?
— ಗೃಹಿಣಿ, ಮಲ್ಲೇಶ್ವರ

ಆ ಉಷ್ಣ ದೇಹಪ್ರಕೃತಿಯ ಮಾತು ತಾಯಿ, ಥರ್ಮಾಮೀಟರ್‌ಗೆ ಅದು ಸಿಗುವುದಿಲ್ಲ. ಭೌತಶಾಸ್ತ್ರಕ್ಕೆ ಅದನ್ನು ತರುವುದು ಬೇಡ. ಆದರೆ ಅದೇ ಪದ ಮಗುವಿನ ಕಿವಿಯಲ್ಲಿ ಮೊದಲೇ ಇರುತ್ತದೆ ಅನ್ನುವುದನ್ನು ಅನುವಾದಕರು ನೆನಪಿಡಬೇಕು.

ಎಂಜಿನಿಯರ್ ಸರ್, ತಾಪದ ಬಗ್ಗೆ ನೀವು ಹೇಳಿದ್ದು ಸರಿ, ಉಷ್ಣದ ಬಗ್ಗೆ ಹೇಳಿದ್ದು ಅರ್ಧ ಸರಿ. ಲೆಕ್ಕ ಹಾಕಿ ನೋಡೋಣ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಲ್ಲಿ ನೀರು 25 ಡಿಗ್ರಿ ಎಂದುಕೊಳ್ಳಿ. ಕೆಟಲ್‌ನ 1 ಲೀಟರ್ ನೀರನ್ನು ಕುದಿಸಲು ಸುಮಾರು 300 ಕಿಲೋಜೂಲ್ ಬೇಕು. ಟಬ್‌ನ 150 ಲೀಟರನ್ನು 40 ಡಿಗ್ರಿಗೆ ತರಲು 9,450 ಕಿಲೋಜೂಲ್, ಅಂದರೆ ಮೂವತ್ತು ಪಟ್ಟಿಗೂ ಹೆಚ್ಚು. 1,500 ವಾಟ್‌ನ ಕೆಟಲ್ ಮೂರೂವರೆ ನಿಮಿಷದಲ್ಲಿ ತನ್ನ ಕೆಲಸ ಮುಗಿಸುತ್ತದೆ. ಅಷ್ಟೇ ವಾಟ್‌ನ ಕಾಯಿಲ್ ಟಬ್‌ಗೆ ಇಟ್ಟರೆ, ಎಲ್ಲೂ ಸೋರಿಹೋಗದಿದ್ದರೂ ಒಂದೂಮುಕ್ಕಾಲು ಗಂಟೆ ಕಾಯಬೇಕು.

ಈಗ ಆ ಕೆಟಲ್ ನೀರನ್ನು ಟಬ್‌ಗೆ ಸುರಿಯಿರಿ. ಟಬ್ 0.4 ಡಿಗ್ರಿಯೂ ಏರುವುದಿಲ್ಲ, ಕೈಗೆ ವ್ಯತ್ಯಾಸವೇ ತಿಳಿಯದು. ಗಮನಿಸಬೇಕಾದದ್ದು ಶಕ್ತಿ ಹರಿದ ದಿಕ್ಕು. ಹೆಚ್ಚು ಶಕ್ತಿ ಪಡೆದಿದ್ದ ಟಬ್ ಕೊಡಲಿಲ್ಲ, ತೆಗೆದುಕೊಂಡಿತು. ಯಾರು ಕೊಡಬೇಕು, ಯಾರು ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸುವುದು ತಾಪ. ಹಾಗೆ ದಾಟುವ ಶಕ್ತಿಗೆ ಮಾತ್ರ ಉಷ್ಣ ಎಂಬ ಹೆಸರು. ದಾಟಿ ಒಳಗೆ ಸೇರಿದ ಮೇಲೆ ಅದು ನೀರಿನ ಆಂತರಿಕ ಶಕ್ತಿ. ಅದಕ್ಕೇ "ಟಬ್ ನೀರಿನ ಉಷ್ಣ" ಎಂಬ ಷಷ್ಠೀ ವಿಭಕ್ತಿಯೇ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು. ಕುದಿ ಬಂದ ಮೇಲೂ ಕೆಟಲ್ ಆರಿಸದೆ ಬಿಟ್ಟರೆ ಉಷ್ಣ ಒಳಗೆ ಹೋಗುತ್ತಲೇ ಇರುತ್ತದೆ, ಥರ್ಮಾಮೀಟರ್ ಮಾತ್ರ 97ರಲ್ಲೇ ನಿಂತಿರುತ್ತದೆ. ಆ ಒಂದು ಲೀಟರನ್ನು ಪೂರ್ತಿ ಆವಿ ಮಾಡಲು, ಕುದಿಸಲು ಬೇಕಾದದ್ದರ ಏಳು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಪಠ್ಯಗಳು ಇದನ್ನೇ ಗುಪ್ತೋಷ್ಣ ಎನ್ನುವುದು. ಹದಿನೆಂಟನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಉಷ್ಣವನ್ನೂ ತಾಪವನ್ನೂ ಬೇರ್ಪಡಿಸಿ ತೋರಿಸಲು ಹಿಡಿದ ದಾರಿಗಳಲ್ಲಿ ಇದೂ ಒಂದು.
— ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಜಯನಗರ

ಸರ್, ಬಹಳ ಉಪಕಾರವಾಯಿತು. ವಾಕ್ಯವನ್ನು ಹೀಗೆ ಬದಲಿಸಿದೆ: "ಕೆಟಲ್ ನೀರಿನ ತಾಪ ಹೆಚ್ಚು. ಆದರೆ ಬಿಸಿಯಾಗುವಾಗ ಟಬ್ ನೀರು ಹೀರಿಕೊಂಡ ಉಷ್ಣ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು." ಉಷ್ಣಾಂಶವನ್ನು ಬಿಟ್ಟೆ. 'ಅಂಶ' ಅಂದಕೂಡಲೇ ಕೊಬ್ಬಿನಂಶ, ನೀರಿನಂಶದ ಹಾಗೆ ಒಳಗೆ ಎಷ್ಟಿದೆ ಎನ್ನುವುದೇ ಮನಸ್ಸಿಗೆ ಬರುತ್ತದೆ. ಟಬ್‌ಗೆ ಹೇಳಬೇಕಾದದ್ದು ಕೆಟಲ್‌ಗೆ ಅಂಟಿಕೊಳ್ಳುತ್ತದೆ.
— ಅನುವಾದಕಿ

ಇದನ್ನು ನಾನು ಒಪ್ಪಲಾರೆ. ಅಕ್ಷಾಂಶ, ರೇಖಾಂಶಗಳಲ್ಲಿರುವ ಅಂಶಕ್ಕೆ ಡಿಗ್ರಿ ಎಂದೇ ಅರ್ಥ. ಉಷ್ಣಾಂಶವನ್ನೂ ಹಾಗೆ ಓದಿದರೆ ಅದು ಕೆಟಲ್‌ಗೆ ಸರಿಯಾಗಿಯೇ ಕೂರುತ್ತದೆ. "ನಗರದಲ್ಲಿ ಗರಿಷ್ಠ ಉಷ್ಣಾಂಶ 34 ಡಿಗ್ರಿ" ಎಂದು ಪತ್ರಿಕೆಯಲ್ಲಿ ದಿನವೂ ಅಚ್ಚು ಹಾಕುತ್ತೇವೆ, ಓದುಗರು ಯಾರೂ ತಡವರಿಸಿದ್ದಿಲ್ಲ. ಬರಿಯ 'ತಾಪ' ಎಂದರೆ ಪರಿತಾಪ, ಪಶ್ಚಾತ್ತಾಪದ ಸಂಕಟವೂ ಜೊತೆಗೆ ಬರುತ್ತದೆ. ತಾಪಮಾನ ಆಗಬಹುದು.
— ಪತ್ರಿಕೆಯ ಉಪಸಂಪಾದಕ, ಶಿವಾಜಿನಗರ

'ಮಾನ' ಅಳತೆಗೆ ಹೇಳುವ ಮಾತು. ಅಳೆಯದಿದ್ದರೂ ನೀರಿಗೆ ತಾಪ ಇದ್ದೇ ಇರುತ್ತದಲ್ಲ? ತಾಪವೇ ಇರಲಿ ಎಂದು ನನ್ನ ಮತ. ಆದರೆ ಮಕ್ಕಳು ಸಂಜೆ ಟಿವಿಯಲ್ಲಿ ಕೇಳುವುದು ಉಷ್ಣಾಂಶವನ್ನೇ, ಅದೂ ನಿಜ. ಶಾಲೆಯಲ್ಲಿ ಈಗ ಪಾಠ ಮಾಡುತ್ತಿರುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ಯಾವ ಪದ ನಿಂತಿದೆ ಎಂದು ತಿಳಿಸಿ.
— ನಿವೃತ್ತ ಅಧ್ಯಾಪಕ, ಜಯನಗರ