ಎದುರುಮನೆಯವರಿಗೆ ಬೆಳ್ಳಿ ದೀಪ ಬೇಡ ಪುಟ್ಟಿ

«ದೊಡ್ಡಮ್ಮ, ಮೊನ್ನೆ ರಾತ್ರಿ ಎದುರುಮನೆ ಅಂಕಲ್ಲೇ ಅಪ್ಪನ್ನ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡೋಗಿ 15,000 ಡೆಪಾಸಿಟ್ಟೂ ಕಟ್ಟಿದ್ರು. ದುಡ್ಡು ಕೊಡಕ್ಕೋದ್ರೆ ಬೇಡ ಅಂತಾರೆ. ಇವರು ಬೆಳ್ಳಿ ದೀಪ ಕೊಡೋಣ ಅಂತಿದಾರೆ. ಅವರಿಗೆ ಮುಜುಗರ ಆಗ್ದೇ ಇರೋ ಹಾಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ?»

ಪುಟ್ಟಿ, ಟೈಪ್ ಮಾಡಕ್ಕೆ ಕೂತೆ ಉದ್ದ ಆಗೋಯ್ತು, ನಿಧಾನಕ್ಕೆ ಓದ್ಕೊ. ಮೊದ್ಲು ಆ 15,000 ಇವತ್ತೇ ಕೊಟ್ಬಿಡು. ಅದು ಸಾಲ ಕಣೇ, ಉಪಕಾರದ ಲೆಕ್ಕಕ್ಕೆ ಬರಲ್ಲ. ಬೇಡ ಅಂತಾರೆ, ಯಾರಾದ್ರೂ ಹಾಗೇ ಅನ್ನೋದು, ಅದಕ್ಕೆ ನೀನು ಬಾಗಿಲಲ್ಲಿ ನಿಂತು ಜಗ್ಗಾಡ್ಬೇಡ, "ಅಂಕಲ್, ಇದು ಆಸ್ಪತ್ರೆಯವರಿಗೆ ಹೋಗಿರೋ ದುಡ್ಡು, ನಿಮಗೆ ಕೊಡ್ತಿರೋದಲ್ಲ" ಅಂತ ಹೇಳಿ ಫೋನಲ್ಲೇ ಹಾಕ್ಬಿಡು. ಸರಿಯಾಗಿ ಹದಿನೈದೇ ಹಾಕು, ಮೇಲೆ ಐನೂರು ಸಾವಿರ ಸೇರಿಸ್ಬೇಡ. ಮೆಡಿಕಲ್ ಶಾಪಲ್ಲಿ ಏನಾದ್ರೂ ತಂದಿದ್ರಾ ಅಂತ ಕೇಳಿ ಅದನ್ನೂ ಕೊಡು. ಡೆಪಾಸಿಟ್ ರಸೀದಿ ಅವರ ಜೇಬಲ್ಲೇ ಇದ್ರೆ ಇಸ್ಕೊ, ಡಿಸ್ಚಾರ್ಜ್ ದಿನ ಬಿಲ್ಲಲ್ಲಿ ಮುರ್ಕೊಳಕ್ಕೂ ಬೇಕು, ಇನ್ಶೂರೆನ್ಸ್‌ಗೂ ಕೇಳ್ತಾರೆ.

ಆದ್ರೆ ಪೆಟ್ರೋಲ್ ದುಡ್ಡು ಅಂತ ಮಾತ್ರ ಬಾಯಿ ಬಿಡ್ಬೇಡ. ಅವರು ಬೇರೆಯವರ ಕೈಗೆ ಕೊಟ್ಟಿದ್ದು ಪೈಸೆ ಪೈಸೆ ವಾಪಸ್ ಹೋಗ್ಬೇಕು, ಅವರ ಕಾರು ಅವರ ನಿದ್ದೆ ನಿಮ್ಮಪ್ಪನ್ನ ಹೆಗಲಿಗೆ ಹಾಕ್ಕೊಂಡು ಮೆಟ್ಲಿಳಿಸಿದ್ದು ಇದಕ್ಕೆಲ್ಲ ಬೆಲೆ ಕಟ್ಟಕ್ಕೆ ಹೋಗ್ಬಾರ್ದು. ಬೆಳ್ಳಿ ದೀಪ ಕೊಡೋದೂ ಬೆಲೆ ಕಟ್ಟಿದ ಹಾಗೇನೇ.

ಇದನ್ನ ನಾನು ಅನುಭವಿಸಿ ಹೇಳ್ತಿದೀನಿ. ನಿಮ್ಮ ದೊಡ್ಡಪ್ಪನಿಗೆ ಕಾಲು ಮುರಿದಾಗ ಪಕ್ಕದ್ಮನೆಯವ್ರು ಮೂರು ದಿನ ನಮಗೆ ಅಡುಗೆ ಮಾಡಿ ಕಳಿಸಿದ್ರು, ನೆನಪಿದ್ಯಲ್ಲ. ನಾನು ಮನಸ್ಸು ತಡೀದೆ ಅವರಿಗೊಂದು ರೇಷ್ಮೆ ಸೀರೆ ಕೊಟ್ಟೆ. ಅವರ ಮುಖ ಅವತ್ತೇ ಸಪ್ಪಗಾಯ್ತು. ದೀಪಾವಳಿಗೆ ಅವರು ಬೆಳ್ಳಿ ಕುಂಕುಮದ ಬಟ್ಟಲು ತಂದ್ಕೊಟ್ರು, ನಾನು ಸಂಕ್ರಾಂತಿಗೆ ಏನ್ ಕೊಡೋದಪ್ಪ ಅಂತ ಯೋಚನೆ ಮಾಡಕ್ಕೆ ಶುರು ಮಾಡ್ದೆ. ಮುಂಚೆ ಕಾಂಪೌಂಡ್ ಮೇಲಿಂದಾನೇ ಕರಿಬೇವು ಇಸ್ಕೋತಿದ್ದವ್ರು ಅಂಗಡಿಗೆ ಹೋಗಿ ತರ್ತಿದ್ರು. ಒಂದಿನ ನಂಗೆ ತಡೀಲಿಲ್ಲ, ಲೋಟ ಹಿಡ್ಕೊಂಡು ಹೋಗಿ "ಸ್ವಲ್ಪ ಹೆಪ್ಪು ಕೊಡ್ರೀ, ನಮ್ಮನೇಲಿ ಮೊಸರು ಖಾಲಿ" ಅಂದೆ. ಎಷ್ಟು ಖುಷಿಯಾಗಿ ಒಳಗೆ ಕರೆದ್ರು ಗೊತ್ತಾ, ಅಲ್ಲೇ ಕೂತು ಕಾಫಿ ಕುಡಿದ್ವಿ, ಅವತ್ತಿಂದ ಮತ್ತೆ ಮೊದಲಿನ ಥರ ಆದ್ವಿ.

ಅದಕ್ಕೇ ಹೇಳ್ತೀನಿ, ಆ ರಾತ್ರಿ ಆಂಟಿ ಫ್ಲಾಸ್ಕಲ್ಲಿ ಹಾಲು ಕಳಿಸಿದ್ರು ಅಂದ್ಯಲ್ಲ, ಅದನ್ನ ಖಾಲಿ ವಾಪಸ್ ಕೊಡ್ಬೇಡ, ಜೊತೆಗೊಂದು ಡಬ್ಬೀಲಿ ನಿಮ್ಮನೇಲಿ ಮಾಡಿದ ಕೋಡುಬಳೇನೋ ಚಕ್ಕುಲಿನೋ ಹಾಕು. ಮನೇಲಿ ಮಾಡಿದ ತಿಂಡಿ ಎರಡು ದಿನಕ್ಕೆ ತಿಂದು ಮುಗಿಯತ್ತೆ, ಷೋಕೇಸಲ್ಲಿ ಕೂತ್ಕೊಂಡು ನೆನಪು ಮಾಡ್ತಿರಲ್ಲ, ಅವರೂ ತಿರುಗಿ ಏನ್ ಕೊಡೋದು ಅಂತ ತಲೆ ಕೆಡಿಸ್ಕೊಳಲ್ಲ.

ಮಾತಲ್ಲಿ ಹೇಳುವಾಗ "ನಿಮ್ಮ ಋಣ ಏಳು ಜನ್ಮಕ್ಕೂ ತೀರ್ಸಕ್ಕಾಗಲ್ಲ", "ನೀವೇ ದೇವ್ರು" ಅಂತೆಲ್ಲ ಬೇಡ, ಅದಕ್ಕೆ ಪಾಪ ಅವರು ಏನಂತಾರೆ ಹೇಳು? ನಡೆದಿದ್ದನ್ನೇ ಹೇಳು. "ಅಂಕಲ್, ಆವತ್ತು ನಾನು ಫಾರಂ ತುಂಬಕ್ಕೂ ಆಗ್ದೆ ಕೈ ನಡುಗ್ತಿತ್ತು, ನೀವು ಪೆನ್ ಇಸ್ಕೊಂಡು ಬರೆದ್ರಲ್ಲ, ಆಗ ನಂಗೆ ಉಸಿರು ಬಂದ ಹಾಗಾಯ್ತು" ಅಂತ ಒಂದೇ ಸಲ, ಅವರ ಮುಖ ನೋಡಿ ಹೇಳು. ಸಿಕ್ಕಾಗೆಲ್ಲ ಹೇಳಕ್ಕೆ ಹೋಗ್ಬೇಡ, ಅವರು ನಿನ್ನ ಕಂಡ್ರೆ ಲಿಫ್ಟ್ ಬಿಟ್ಟು ಮೆಟ್ಲಲ್ಲಿ ಹೋಗೋ ಹಾಗಾಗತ್ತೆ. ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಫೋಟೋ ಹಾಕಿ ಹೊಗಳೋದೂ ಅವರನ್ನ ಕೇಳದೇ ಮಾಡ್ಬೇಡ.

ಇನ್ನೊಂದು, ಇದು ಎಲ್ಲರೂ ಮರೀತಾರೆ. ನಿದ್ದೆಗೆಟ್ಟು ನಿಮ್ಮ ಜೊತೆ ಬೆಂಚ್ ಮೇಲೆ ಕೂತಿದ್ದವ್ರಿಗೆ ಆಮೇಲೆ ಏನಾಯ್ತು ಅಂತ ಗೊತ್ತಾಗ್ಬೇಕು. ಕೇಳಿದ್ರೆ ಏನಂದ್ಕೋತಾರೋ ಅಂತ ಅವರು ಸುಮ್ನಿರ್ತಾರೆ. ನೀನೇ ಸಂಜೆ "ರಿಪೋರ್ಟ್ ಬಂತು, ಡಾಕ್ಟರ್ ಹೀಗಂದ್ರು, ಅಪ್ಪ ಗಂಜಿ ಕುಡಿದ್ರು" ಅಂತ ಎರಡು ಸಾಲು ಮೆಸೇಜ್ ಹಾಕು.

ಮುಂದೆ ಅವರು ಊರಿಗೆ ಹೋದಾಗ ಹಾಲಿನ ಪ್ಯಾಕೆಟ್ ಎತ್ತಿಡೋದು, ತುಳಸಿಗೆ ನೀರು ಹಾಕೋದು ಇದ್ರೆ ಮಾಡು, ಆದ್ರೆ ಆವತ್ತಿನ ವಿಷ್ಯಕ್ಕೆ ಅಂತ ಹೇಳಿ ಮಾಡ್ಬೇಡ.

ದೀಪ ಆರ್ಡರ್ ಮಾಡಿದ್ರೆ ಕ್ಯಾನ್ಸಲ್ ಮಾಡ್ಸು, ನಿಮ್ಮೆಜಮಾನ್ರಿಗೆ ದೊಡ್ಡಮ್ಮ ಹೇಳಿದ್ರು ಅನ್ನು. ನಾಳೆ ಡಾಕ್ಟರ್ ರೌಂಡ್ಸ್ ಮುಗಿದ್ಮೇಲೆ ನಂಗೊಂದು ಫೋನ್ ಮಾಡು.