ಒಂದೇ ಕೋನ ಗೊತ್ತಿದ್ದರೆ ಬಾಹುಗಳೆಷ್ಟು? ಫೋಟೊ ಬೇರೆ ಉತ್ತರ ಕೊಡುತ್ತಿದೆ

ಕೇಳಿದವರು: ಮಗಳ ಗಣಿತದ ಹಾಳೆಯಲ್ಲಿ ನಿಯಮಿತ ಬಹುಭುಜದ ಚಿತ್ರ ಇದೆ. ಅರ್ಧ ಹರಿದುಹೋಗಿದೆ. ಉಳಿದ ಒಂದು ಮೂಲೆಯಲ್ಲಿ ಒಳಕೋನ 156° ಅಂತ ಬರೆದಿದೆ. 360 ಅನ್ನು 156ರಿಂದ ಭಾಗಿಸಿದರೆ 2.3 ಬರುತ್ತೆ. ಹಾಳೆಯ ಫೋಟೊ ತೆಗೆದು ಅದರ ಮೇಲೆ ಕೋನಮಾಪಕ ಇಟ್ಟರೆ ಅದೇ ಮೂಲೆ 151° ತೋರಿಸುತ್ತೆ. ಯಾವುದನ್ನು ನಂಬಲಿ? ಇಂಥದ್ದು ಮಾಡಿದವರು ಹೇಳಿ.

ಇನ್ನೊಬ್ಬ ಅಪ್ಪ: ನಮ್ಮನೆಯಲ್ಲೂ ಇದೇ ಗೋಳು ಆಗಿತ್ತು. 360 ಅನ್ನು ಭಾಗಿಸಬೇಕಾದ್ದು ಹೊರಕೋನದಿಂದ, ಒಳಕೋನದಿಂದ ಅಲ್ಲ. ಹೊರಕೋನ ಅಂದರೆ 360ರಲ್ಲಿ 156 ಕಳೆಯಿರಿ, 204. ಅದರಿಂದ ಭಾಗಿಸಿ.

ಟ್ಯೂಷನ್ ಹೇಳುವವರು: ಮೊದಲ ಮಾತು ಸರಿ, ಎರಡನೆಯದು ತಪ್ಪು. 204 ಅಂದರೆ ಮೂಲೆಯ ಆಚೆಗೆ ಉಳಿದ ಇಡೀ ಜಾಗ. ಹೊರಕೋನ ಅದಲ್ಲ. ಒಂದು ಇರುವೆ ಅಂಚಿನ ಮೇಲೆ ನಡೆಯುತ್ತಿದೆ ಅಂದುಕೊಳ್ಳಿ. ಮೂಲೆ ಬಂದಾಗ ನೇರ ಹೋಗದೆ ಎಷ್ಟು ತಿರುಗುತ್ತದೋ ಅದೇ ಹೊರಕೋನ. ನೇರ ದಾರಿ 180, ಒಳಗೆ 156, ಹಾಗಾಗಿ ತಿರುಗಿದ್ದು 24. ಸುತ್ತು ಮುಗಿಸಿ ಹೊರಟ ಜಾಗಕ್ಕೆ, ಹೊರಟ ದಿಕ್ಕಿಗೇ ಬಂತು ಅಂದರೆ ಒಟ್ಟು 360 ತಿರುಗಿರಲೇಬೇಕು. 360 ÷ 24 = 15. ಒಳಕೋನಗಳ ಮೊತ್ತದಿಂದ ತಾಳೆ ನೋಡಿ: ಬಾಹುಗಳಲ್ಲಿ ಎರಡು ಕಳೆದು 180ರಿಂದ ಗುಣಿಸಿದರೆ 13 × 180 = 2340, ಅತ್ತ 15 × 156 ಕೂಡ 2340.

151 ನಂಬಬೇಡಿ. ಹೊರಕೋನ 29, ಭಾಗಿಸಿದರೆ 12.4. ಬಾಹುಗಳ ಸಂಖ್ಯೆ ಪೂರ್ಣಾಂಕ ಬರಲಿಲ್ಲ ಅಂದರೆ ಅಳತೆ ತಪ್ಪಿದೆ, ಇಲ್ಲವೇ ಆಕೃತಿ ನಿಯಮಿತ ಅಲ್ಲ.

ಕೇಳಿದವರು: 15 ಗೊತ್ತಾಯಿತು. ಆದರೆ 5 ಡಿಗ್ರಿ ಎಲ್ಲಿ ಹೋಯಿತು? ಮೂರು ಸಲ ಅಳೆದಿದ್ದೇನೆ.

ಟ್ಯೂಷನ್ ಹೇಳುವವರು: ಫೋನ್ ಓರೆ ಹಿಡಿದಿದ್ದೀರಿ. ಓರೆ ಫೋಟೊದಲ್ಲಿ ಆಕೃತಿ ಒಂದು ದಿಕ್ಕಿನಲ್ಲಿ ಅದುಮಿದ ಹಾಗೆ ಆಗುತ್ತೆ. ಸುಮಾರು 35 ಡಿಗ್ರಿ ಓರೆ ಇದ್ದರೆ, ಪಕ್ಕದಲ್ಲಿರುವ 156ರ ಮೂಲೆ 151ರ ಹತ್ತಿರ ಕಾಣುತ್ತೆ. ಅದೇ ಫೋಟೊದಲ್ಲಿ ಮೇಲ್ತುದಿಯ ಮೂಲೆ ಚಪ್ಪಟೆಯಾಗಿ 160 ಆಗಿರುತ್ತೆ. ಅದನ್ನು ಅಳೆದಿದ್ದರೆ 18 ಬಾಹು ಅನ್ನುತ್ತಿದ್ದಿರಿ, ಅದೂ ಪೂರ್ಣಾಂಕವಾಗಿ! ಹಾಗಾಗಿ ಪೂರ್ಣಾಂಕ ಬಂದ ಮಾತ್ರಕ್ಕೆ ಸರಿ ಅಂತಲೂ ಅಲ್ಲ.

ಇನ್ನೊಬ್ಬ ಅಪ್ಪ: ಹಾಗಾದರೆ ಫೋಟೊದಲ್ಲಿ ಮೊತ್ತವೂ ಕೆಟ್ಟಿರುತ್ತೆ ಅಲ್ವಾ? ಸುಮ್ನೆ ಅಳೆದು ಏನು ಉಪಯೋಗ?

ಟ್ಯೂಷನ್ ಹೇಳುವವರು: ಮೊತ್ತ ಕೆಡಲ್ಲ. ಗೆರೆ ನೇರವಾಗಿಯೇ ಇದ್ದರೆ ಫೋಟೊದಲ್ಲಿರುವುದೂ 15 ಬಾಹುಗಳ ಬಹುಭುಜವೇ. ಒಂದೊಂದು ಕೋನ ಬದಲಾದರೂ ಒಟ್ಟು 2340 ಹಾಗೇ ಇರುತ್ತೆ. ಒಂದು ಮೂಲೆ ಕಳೆದುಕೊಂಡಿದ್ದನ್ನು ಉಳಿದವು ಪಡೆದಿರುತ್ತವೆ. ಕೆಡುವುದು 'ಎಲ್ಲ ಕೋನವೂ ಸಮ' ಅನ್ನುವುದು ಮಾತ್ರ. ನಾವು ಒಂದೇ ಕೋನದಿಂದ ಲೆಕ್ಕ ಮಾಡುವಾಗ ನೆಚ್ಚಿಕೊಂಡಿರುವುದು ಅದನ್ನೇ.

ಮರಗೆಲಸದವರು: ನನ್ನದು ಸ್ವಲ್ಪ ಬೇರೆ ಕಥೆ. ಗಿರಾಕಿ ಕಳಿಸಿದ ಫೋಟೊ ನೋಡಿ ಇದೇ ಥರ 15 ಬಾಹುಗಳ ಕನ್ನಡಿ ಚೌಕಟ್ಟು ಮಾಡಲು ಹೋದೆ. ಹೊರಕೋನ 24 ಅಂತ ಗರಗಸವನ್ನು 24ಕ್ಕೇ ಇಟ್ಟೆ. ಏಳು ತುಂಡು ಜೋಡಿಸುವಷ್ಟರಲ್ಲಿ ಸುತ್ತು ಮುಗಿಯುತ್ತಾ ಬಂತು, ಎಂಟನೆಯದಕ್ಕೆ ಜಾಗವಿಲ್ಲ, ಸಂದು ಮಾತ್ರ ಉಳಿಯಿತು! ಒಂದು ಮೂಲೆಗೆ ಎರಡು ತುಂಡು ಸೇರುತ್ತವೆ, ಎರಡನ್ನೂ 24ಕ್ಕೆ ಕೊಯ್ದರೆ ತಿರುವು 48 ಆಗುತ್ತೆ. ತಲಾ 12ಕ್ಕೆ ಕೊಯ್ಯಬೇಕಿತ್ತು. ಒಳ್ಳೆಯ ಮರ ಹಾಳಾಯಿತು.

ಟ್ಯೂಷನ್ ಹೇಳುವವರು: 360 ÷ 48 ಏಳೂವರೆ, ಅದಕ್ಕೇ ಹಾಗಾಗಿದೆ. ಇನ್ನೊಂದು ಮಾತು. ಬಾಹು ಜಾಸ್ತಿ ಆದಷ್ಟೂ ಫೋಟೊ ಅಳತೆ ಅಪಾಯ. ಎಂಟು ಬಾಹು ಇದ್ದಾಗ ಹೊರಕೋನ 45. ಒಂದು ಡಿಗ್ರಿ ತಪ್ಪಿ 46 ಅಳೆದರೂ 7.8 ಬರುತ್ತೆ, 8 ಅಂತ ಊಹಿಸಬಹುದು. 24 ಬಾಹು ಇದ್ದಾಗ ಹೊರಕೋನ 15. ಅಲ್ಲಿ 16 ಅಳೆದರೆ 22.5 ಬಂದುಬಿಡುತ್ತೆ.

ಕೇಳಿದವರು: ಈಗ ಫೋನ್ ನೇರ ಹಿಡಿದು ತೆಗೆದೆ. 155 ಬಂತು. ಅಂದರೆ 14.4. ಹರಿದ ಹಾಳೆಯಲ್ಲಿ ಇನ್ನೂ ಎರಡು ಮೂಲೆ ಅರೆಬರೆ ಕಾಣುತ್ತವೆ. ಮೂರರ ಸರಾಸರಿ ತೆಗೆದರೆ ಸರಿಹೋಗುತ್ತಾ?

ಮರಗೆಲಸದವರು: ನಾನಾದರೆ ತೆಗೆಯುತ್ತೇನೆ. ಕೈ ತಪ್ಪು ಅಷ್ಟಿಷ್ಟು ಸರಿದೂಗುತ್ತೆ.

ಟ್ಯೂಷನ್ ಹೇಳುವವರು: ಕೈ ತಪ್ಪಾದರೆ ಹೌದು. ಓರೆಯ ತಪ್ಪಾದರೆ ಅಕ್ಕಪಕ್ಕದ ಮೂರು ಮೂಲೆಗಳೂ ಒಂದೇ ಕಡೆ ವಾಲಿರುತ್ತವೆ, ಸರಾಸರಿಯೂ ವಾಲುತ್ತೆ. ಎಲ್ಲ 15 ಮೂಲೆ ಕಂಡರೆ ಸರಾಸರಿ ಪಕ್ಕಾ 156 ಬರುತ್ತೆ. ಆದರೆ ಅಷ್ಟೂ ಕಂಡರೆ ಎಣಿಸಿದರೆ ಸಾಕಲ್ಲ.

ಇನ್ನೊಬ್ಬ ಅಪ್ಪ: ಆ 204 ನನ್ನ ಮಗನ ನೋಟ್‌ಬುಕ್‌ನಲ್ಲೂ ಇದೆ. ಮೇಷ್ಟ್ರು ಸರಿ ಹಾಕಿಬಿಟ್ಟಿದ್ದಾರೆ.