38 ಪುಟದ ಪಾಲಿಸಿ, ಬೇಕಿರೋದು ಒಂದೇ ಉತ್ತರ

ಕೇಳಿದವರು, ಮಂಡ್ಯ ವಿದ್ಯಾನಗರ: ಅಪ್ಪನಿಗೆ 67 ವರ್ಷ. ಬಲಗಣ್ಣಿನ ಪೊರೆ ಆಪರೇಷನ್‌ಗೆ ಮೈಸೂರಿನ ಆಸ್ಪತ್ರೆಯಲ್ಲಿ 65,000 ರೂಪಾಯಿ ಹೇಳಿದ್ದಾರೆ. ಆರೋಗ್ಯ ವಿಮೆ ಇದೆ, ಪಾಲಿಸಿ 38 ಪುಟ, ಎಲ್ಲಾ ಇಂಗ್ಲಿಷು. ನಮ್ಮ ಕೈಯಿಂದ ಎಷ್ಟು ಹೋಗುತ್ತೆ ಅನ್ನೋದಷ್ಟೇ ಅಪ್ಪ ಕೇಳ್ತಿರೋದು. ಅಷ್ಟಕ್ಕೇ ಒಂದು ಪುಟದ ಸಾರಾಂಶ ಬರೆಯೋದು ಹೇಗೆ? ಯಾವ ಭಾಗ ಬಿಟ್ಟರೂ ನಡೆಯುತ್ತೆ?

ಮದ್ದೂರಿನಿಂದ: ಇಡೀ ಪಾಲಿಸಿ ಯಾಕೆ ಓದ್ತೀರಿ ಮೇಡಂ? ಅದರ ಜೊತೆ ಸಿಐಎಸ್ ಅಂತ ಗ್ರಾಹಕ ಮಾಹಿತಿ ಪತ್ರ ಕೊಟ್ಟಿರ್ತಾರೆ. 2024ರಿಂದ ಹೊಸ ನಮೂನೆಯಲ್ಲಿ ಎಲ್ಲ ಕಂಪನಿಯೂ ಕೊಡಲೇಬೇಕು. ಸಾರಾಂಶ ಅಂದ್ರೆ ಅದೇ. ಮಿಕ್ಕಿದ್ದೆಲ್ಲ ವಕೀಲರಿಗೆ ಬಿಡಿ.

ಕುವೆಂಪುನಗರ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೆಲಸ ಮಾಡಿದವರು: ಮದ್ದೂರಿನವರು ಹೇಳಿದ ಪತ್ರದಿಂದ ಶುರು ಮಾಡೋದು ಸರಿ, ಯಾವ ವಿಷಯ ಯಾವ ಕಲಂನಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತೆ. ಅಲ್ಲಿಗೇ ನಿಲ್ಲಿಸಬೇಡಿ.

ಮೊದಲು ಪ್ರಶ್ನೆಯನ್ನ ಒಡೆಯಿರಿ ಅಕ್ಕ. "ಕೈಯಿಂದ ಎಷ್ಟು" ಅನ್ನೋದರೊಳಗೆ ಮೂರು ಪ್ರಶ್ನೆ ಇದೆ: ಪಾಲಿಸಿ ತಗೊಂಡ ಮೇಲೆ ಪೊರೆಗೆ ದುಡ್ಡು ಕೊಡದ ಕಾಯುವ ಅವಧಿ ಮುಗಿದಿದೆಯಾ, ಪೊರೆಗೆ ಬೇರೆ ಮಿತಿ ಇದೆಯಾ, ವಯಸ್ಸಾದವರು ಪಾಲು ಹಾಕಬೇಕಾ. ಈ ಮೂರಕ್ಕೆ ಸಂಬಂಧಪಡದ ಹೆರಿಗೆ, ಅಂಗದಾನಿಯ ಖರ್ಚು, ಏರ್ ಆಂಬುಲೆನ್ಸ್, ಆಯುರ್ವೇದ ಚಿಕಿತ್ಸೆ ಎಲ್ಲ ದಾಟಿಸಿ. ಪಿಡಿಎಫ್‌ನಲ್ಲಿ `cataract`, `Excl02`, `co-payment` ಒಂದೊಂದನ್ನೇ ಹಾಕಿ ಹುಡುಕಿ. `Excl02` ಅನ್ನೋದು ಕೆಲವು ಕಾಯಿಲೆಗಳ ಕಾಯುವ ಅವಧಿಯ ಕಲಂ, ಎಲ್ಲ ಕಂಪನಿಯಲ್ಲೂ ಅದೇ ಗುರುತು. ಅವಧಿ ಎಷ್ಟು ಅಂತ ಕಲಂನಲ್ಲಿರುತ್ತೆ, ಕಾಯಿಲೆಗಳ ಪಟ್ಟಿ ಮಾತ್ರ ಎಷ್ಟೋ ಸಲ ಎಲ್ಲೋ ಕೊನೇ ಪುಟದಲ್ಲಿರುತ್ತೆ.

ಏನೂ ಸಿಗಲಿಲ್ಲ ಅಂದ್ರೆ "ಇಲ್ಲ" ಅಂತ ಬರೆದುಬಿಡಬೇಡಿ. `hospital` ಅಂತ ಹುಡುಕಿ ನೋಡಿ. ಅದೂ ಸಿಗದಿದ್ರೆ ಫೈಲು ಸ್ಕ್ಯಾನ್ ಮಾಡಿದ ಚಿತ್ರ ಅಂತ ಲೆಕ್ಕ, ಕಣ್ಣಲ್ಲೇ ಓದಬೇಕು.

ಬಿಡಲೇಬಾರದ್ದು ಎರಡು. ಒಂದು, ಅಪ್ಪನ ಹೆಸರು, ಮೊದಲು ಪಾಲಿಸಿ ತಗೊಂಡ ದಿನಾಂಕ ಇರೋ ಷೆಡ್ಯೂಲ್ ಪುಟ. ಎಲ್ಲರಿಗೂ ಅಚ್ಚಾದ ನಿಯಮ ಏನೇ ಹೇಳಲಿ, ನಿಮಗಂತಲೇ ಸೇರಿಸಿದ ಷರತ್ತು ಅಲ್ಲಿರುತ್ತೆ. ಎರಡು, ಪದಗಳ ವ್ಯಾಖ್ಯಾನದ ಭಾಗ. ಬೇಜಾರಿನ ಪುಟಗಳು ಅವು, ಆದರೆ 24 ಗಂಟೆ ಅಡ್ಮಿಟ್ ಆಗಿರಬೇಕು ಅಂತ ಒಂದು ಕಡೆ ಓದಿ ಜನ ಗಾಬರಿ ಆಗ್ತಾರೆ. ಪೊರೆ ಆಪರೇಷನ್ ಅದೇ ದಿನ ಮನೆಗೆ ಕಳಿಸೋ ಡೇ ಕೇರ್ ಚಿಕಿತ್ಸೆ, ಅದಕ್ಕೆ ಆ 24 ಗಂಟೆ ಅನ್ವಯ ಆಗಲ್ಲ ಅನ್ನೋದು ವ್ಯಾಖ್ಯಾನದಲ್ಲಿ ಇರುತ್ತೆ.

ಪಾಂಡವಪುರದಿಂದ: ನಮ್ಮ ಮಾವಂದು ಕ್ಲೇಮ್ ತಿರಸ್ಕಾರ ಆಯ್ತು ಕಣ್ರೀ, ಸಕ್ಕರೆ ಕಾಯಿಲೆ ಇದ್ದದ್ದನ್ನ ಅರ್ಜಿಯಲ್ಲಿ ಬರೆದಿರಲಿಲ್ಲ ಅಂತ. ಪಾಲಿಸಿ ಎಷ್ಟು ಓದಿದರೇನು, ಮೊದಲು ಅರ್ಜಿ ತೆಗೆದು ನೋಡಿ.

ಕುವೆಂಪುನಗರದವರು: ಇವರು ಕೇಳಿದ್ದು ಅದಲ್ಲ ಸಾರ್. ಆದರೂ ಅಪ್ಪನಿಗೆ ಸಕ್ಕರೆ ಇದ್ದರೆ ಅರ್ಜಿಯ ಪ್ರತಿ ನೋಡೋದು ಒಳ್ಳೇದು, ಅದು ಈ 38 ಪುಟದಲ್ಲಿ ಇರದೇ ಹೋಗಬಹುದು.

ಕೇಳಿದವರು: ಸಕ್ಕರೆ ಇಲ್ಲ. ಹುಡುಕಿದೆ ಸರ್. ಪಾಲಿಸಿ ಶುರುವಾಗಿದ್ದು ಜೂನ್ 2022, ಒಂದು ವರ್ಷವೂ ತಪ್ಪಿಸಿಲ್ಲ. ಕಾಯುವ ಅವಧಿ 24 ತಿಂಗಳು, ಮುಗಿದಿದೆ. ಪೊರೆಗೆ ಒಂದು ಕಣ್ಣಿಗೆ 40,000 ಮಿತಿ. 60 ದಾಟಿದವರು 10% ಹಾಕಬೇಕು. ಹಾಗಾದ್ರೆ 65,000ದಲ್ಲಿ 10% ಕಳೆದರೆ 58,500, ಅದು ಮಿತಿಗಿಂತ ಜಾಸ್ತಿ, ಆದ್ದರಿಂದ 40,000 ಬರುತ್ತೆ. ಕೈಯಿಂದ 25,000. ಸರೀನಾ?

ಕುವೆಂಪುನಗರದವರು: ಅಲ್ಲೇ ಇರೋದು ನೋಡಿ. 10% ಯಾವುದರ ಮೇಲೆ ಅಂತ ಆ ಸಾಲನ್ನ ಪೂರ್ತಿ ಓದಿ. `admissible claim amount`, ಅಂದ್ರೆ ಕಂಪನಿ ಒಪ್ಪೋ ಮೊತ್ತ, ಅಂತಿದ್ದರೆ ನಾನು ನೋಡಿದಂತೆ ಮಿತಿ ಮೊದಲು ಹಾಕ್ತಾರೆ: 40,000ದಲ್ಲಿ 10% ಅಂದ್ರೆ 4,000 ಹೋಗಿ 36,000. ಕೈಯಿಂದ 29,000. ಸಾರಾಂಶ ಬರೆಯೋವಾಗ ಇಂಥ ಸಾಲನ್ನ ನಿಮ್ಮ ಮಾತಿಗೆ ಇಳಿಸಬೇಡಿ, ಪುಟದ ಸಂಖ್ಯೆ ಹಾಕಿ ಇದ್ದ ಹಾಗೇ ಇಳಿಸಿಕೊಳ್ಳಿ.

ಮೈಸೂರು, ನಿವೃತ್ತ ಅಕೌಂಟೆಂಟ್: ಎಲ್ಲ ಕಂಪನಿಯೂ ಆ ಕ್ರಮದಲ್ಲೇ ಲೆಕ್ಕ ಹಾಕುತ್ತೆ ಅಂತ ನಾನಂತೂ ಒಪ್ಪಲ್ಲ. ನನಗೆ ಆದ ಕ್ಲೇಮಿನಲ್ಲಿ ಬಿಲ್ಲಿನ ಮೇಲೇ ಶೇಕಡಾ ಕಳೆದಿದ್ದರು. ಪದದಲ್ಲಿ ಸ್ಪಷ್ಟ ಇಲ್ಲದಿದ್ದರೆ ಎರಡೂ ಲೆಕ್ಕ ಬರೆಯಿರಿ.

ಕೇಳಿದವರು: ನಮ್ಮದರಲ್ಲಿ ಬರೀ `claim amount` ಅಂತಿದೆ, 14ನೇ ಪುಟ. ಮೊದಲನೇ ಸಾಲು ಹೀಗೆ ಬರೆದೆ: "ಕೈಯಿಂದ 25,000 ಇಲ್ಲಾ 29,000, ಕಾರಣ ಪುಟ 14." ಕೆಳಗೆ ದಿನಾಂಕ, ಮಿತಿ, ಪಾಲು, ಮೂರಕ್ಕೂ ಪುಟ ಸಂಖ್ಯೆ. ಲೆನ್ಸಿನ ಬೆಲೆ 40,000ದೊಳಗೇ ಬರುತ್ತಾ ಅಂತ ಮಾತ್ರ ಎಲ್ಲೂ ಸಿಗಲಿಲ್ಲ.

ಕುವೆಂಪುನಗರದವರು: ಅದನ್ನೂ "ಹುಡುಕಿದೆ, ಸಿಗಲಿಲ್ಲ" ಅಂತಲೇ ಹಾಕಿ. ಅದು ಮತ್ತು ಪುಟ 14, ಎರಡೇ ಪ್ರಶ್ನೆ ಕಂಪನಿಗೆ ಇಮೇಲ್ ಮಾಡಿ, ಫೋನಿನಲ್ಲಿ ಕೇಳಬೇಡಿ. ದುಬಾರಿ ಲೆನ್ಸ್ ಬೇಕು ಅಂದ್ರೆ ಮೇಲಿನ ದುಡ್ಡು ನಿಮ್ಮದೇ ಅಂದುಕೊಂಡಿರಿ.